ಹೊಸ ಸದಸ್ಯರಿಗೆ ಸ್ವಾಗತ ಸಂದೇಶ: ನಿಯಮದ ಜೊತೆಗೆ ಹೊರಹೋಗುವ ದಾರಿಯನ್ನೂ ಬರೆಯುವುದು ಹೇಗೆ?

ವಾಟ್ಸ್‌ಆ್ಯಪ್ ಗುಂಪಿಗೆ ಹೊಸದಾಗಿ ಸೇರಿದವರಿಗೆ ಅಲ್ಲಿ ಅಷ್ಟು ದಿನ ನಡೆದ ಮಾತುಕತೆ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಯಾವುದನ್ನು ಹಾಕಿದರೆ ನಡೆಯುತ್ತದೆ, ಯಾವುದಕ್ಕೆ ಹಳಬರು ಮುಖ ಸಿಂಡರಿಸುತ್ತಾರೆ ಎಂಬುದು ಗೊತ್ತಾಗಲು ಅವರಿಗೆ ದಾರಿಯೇ ಇಲ್ಲ. ಆ ಕೊರತೆ ತುಂಬುವುದು ಸ್ವಾಗತ ಸಂದೇಶದ ಕೆಲಸ. ಊರಿನ ಗುಂಪಿರಲಿ, ಹವ್ಯಾಸದ ಗುಂಪಿರಲಿ, ಇಂಥ ಸಂದೇಶಗಳಲ್ಲಿ ನಿಯಮಗಳೇನೋ ಧಾರಾಳವಾಗಿ ಇರುತ್ತವೆ. ಬೇಡವಾದಾಗ ಹೊರಗೆ ಹೋಗುವುದು ಹೇಗೆ ಎಂಬ ಮಾತು ಮಾತ್ರ ಇರುವುದಿಲ್ಲ. ಹಾಗಾಗಿ ಆಸಕ್ತಿ ಕಳೆದುಕೊಂಡವರೂ ದಾಕ್ಷಿಣ್ಯಕ್ಕೆ ಬಿದ್ದು ಒಳಗೇ ಉಳಿಯುತ್ತಾರೆ, ಇಲ್ಲವೇ ಒಂದು ದಿನ ರೇಗಿ ಎಲ್ಲರೆದುರೇ "ನನ್ನನ್ನು ತೆಗೆದುಹಾಕಿ" ಎಂದು ಬರೆಯುತ್ತಾರೆ. ಅದಕ್ಕೆ ಹತ್ತು ಜನ "ಯಾಕೆ, ಏನಾಯಿತು?" ಎಂದು ಕೇಳುತ್ತಾರೆ. ಸಂದೇಶದಲ್ಲಿ ನಾಲ್ಕು ಸಾಲು ಹೆಚ್ಚು ಬರೆದರೆ ಇದು ತಪ್ಪುತ್ತದೆ.

ಬರೆಯುವ ಮೊದಲು ಹಳೆಯ ಮಾತುಕತೆ ತಿರುವಿ ನೋಡಿ

ನಿಯಮಗಳನ್ನು ತಲೆಯಿಂದ ಹುಟ್ಟಿಸಬೇಡಿ. ಗುಂಪಿನ ಕಳೆದ ಎರಡು ತಿಂಗಳ ಸಂದೇಶಗಳನ್ನು ಮೇಲಿನಿಂದ ಕೆಳಗೆ ಓದಿ. ಯಾವ ಸಂದೇಶ ಅಳಿಸಬೇಕಾಯಿತು, ಎಲ್ಲಿ ಜಗಳ ಹತ್ತಿಕೊಂಡಿತು, ಯಾವ ಪ್ರಶ್ನೆಯನ್ನು ಪದೇ ಪದೇ ಕೇಳಿದರು ಎಂದು ಗುರುತು ಹಾಕಿಕೊಳ್ಳಿ. ನಿಮಗೆ ಬೇಕಾದ ನಿಯಮಗಳು ಅಲ್ಲೇ ಇವೆ. ನಾಲ್ಕೈದಕ್ಕಿಂತ ಹೆಚ್ಚು ಸಿಕ್ಕರೆ, ಹೆಚ್ಚು ತೊಂದರೆ ಕೊಟ್ಟ ನಾಲ್ಕನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿ. ಯಾರೂ ಇದುವರೆಗೆ ಮಾಡದ ತಪ್ಪಿಗೆ ನಿಯಮ ಬರೆದರೆ ಓದುವವರಿಗೆ ಬೇಸರ, ಕೆಲವರಿಗೆ ಹೊಸ ಉಪಾಯ ಕೊಟ್ಟಂತೆ.

"ಸಭ್ಯತೆ ಕಾಪಾಡಿ", "ಅನಗತ್ಯ ಸಂದೇಶ ಹಾಕಬೇಡಿ" ಎಂಬಂಥವು ನಿಯಮಗಳೇ ಅಲ್ಲ. ತಾನು ಹಾಕುವ ಸಂದೇಶ ಅನಗತ್ಯ ಎಂದು ಯಾರಿಗೂ ಅನ್ನಿಸುವುದಿಲ್ಲ. ಒಂದು ನಿಯಮದಲ್ಲಿ ಮೂರು ಸಂಗತಿ ಇರಬೇಕು: ಏನು ಮಾಡಬಾರದು, ಅದರ ಬದಲು ಎಲ್ಲಿ ಅಥವಾ ಹೇಗೆ ಮಾಡಬಹುದು, ಮಾಡಿದರೆ ಏನಾಗುತ್ತದೆ. "ಶುಭೋದಯದ ಚಿತ್ರ ಇಲ್ಲಿ ಬೇಡ, ಬೇಕಾದವರಿಗೆ ನೇರವಾಗಿ ಕಳಿಸಿ, ಇಲ್ಲಿ ಹಾಕಿದರೆ ಅಡ್ಮಿನ್ ಅಳಿಸುತ್ತಾರೆ, ಬೇಸರಪಟ್ಟುಕೊಳ್ಳಬೇಡಿ" ಎಂದರೆ ಓದಿದವರಿಗೆ ಅನುಮಾನ ಉಳಿಯುವುದಿಲ್ಲ. ಅಡ್ಮಿನ್‌ಗಳು ಯಾರ ಸಂದೇಶವನ್ನಾದರೂ ಎಲ್ಲರಿಗೂ ಕಾಣದಂತೆ ಅಳಿಸಬಲ್ಲರು. ಅದನ್ನು ಮೊದಲೇ ಹೇಳಿಟ್ಟರೆ, ತಮ್ಮ ಸಂದೇಶ ಮಾಯವಾದಾಗ ಜನ ಅವಮಾನ ಎಂದುಕೊಳ್ಳುವುದಿಲ್ಲ.

ಮೊಬೈಲ್ ನಂಬರಿನ ವಿಷಯ ಒಂದನ್ನು ಮಾತ್ರ ಹಳೆಯ ಜಗಳ ಇರಲಿ, ಇಲ್ಲದಿರಲಿ ಸೇರಿಸಲೇಬೇಕು. ಗುಂಪಿನಲ್ಲಿರುವ ಅಪರಿಚಿತರಿಗೂ ಹೊಸಬರ ನಂಬರ್ ಕಾಣುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಯಾರಾದರೂ ಅನುಮತಿ ಇಲ್ಲದೆ ನೇರವಾಗಿ ಕರೆ ಮಾಡಿದರೆ ಅಥವಾ ಸಂದೇಶ ಕಳಿಸಿದರೆ ಯಾರಿಗೆ ಹೇಳಬೇಕು ಎಂದು ಬರೆಯಿರಿ.

ಹೊರಹೋಗುವ ದಾರಿ: ಇಲ್ಲಿ ತುಸು ನಿಧಾನಿಸಿ

ಗುಂಪು ಬೇಡ ಎನ್ನುವವರಲ್ಲಿ ಎಲ್ಲರಿಗೂ ಹೊರಗೆ ಹೋಗುವುದೇ ಬೇಕಾಗಿರುವುದಿಲ್ಲ. ಕೆಲವರಿಗೆ ಸದ್ದು ನಿಂತರೆ ಸಾಕು. ಅಂಥವರಿಗೆ `Mute` ಇದೆ: 8 ಗಂಟೆ, 1 ವಾರ ಅಥವಾ ಶಾಶ್ವತವಾಗಿ. ಸಂದೇಶ ಬರುತ್ತಲೇ ಇರುತ್ತದೆ, ಫೋನು ಮಾತ್ರ ಸದ್ದು ಮಾಡುವುದಿಲ್ಲ. ಗುಂಪು ಕಣ್ಣಿಗೇ ಬೀಳಬಾರದು ಎನ್ನುವವರು `Archive` ಮಾಡಬಹುದು. ಮಾಮೂಲಿನಂತೆ ಹೊಸ ಸಂದೇಶ ಬಂದರೂ ಅದು ಪಟ್ಟಿಯ ಮೇಲಕ್ಕೆ ಎದ್ದು ಬರುವುದಿಲ್ಲ. ಇವೆರಡನ್ನೂ ಸಂದೇಶದಲ್ಲಿ ಒಂದೇ ಸಾಲಿನಲ್ಲಿ ಹೇಳಿದರೆ ಸಾಕು.

ಪೂರ್ತಿ ಹೊರಡುವವರಿಗೆ ಹೆಜ್ಜೆಗಳನ್ನು ಬಿಡಿಸಿ ಹೇಳಬೇಕು. ಗುಂಪನ್ನು ತೆರೆದು, ಮೇಲಿರುವ ಗುಂಪಿನ ಹೆಸರನ್ನು ಒತ್ತಿ, ತಳದವರೆಗೆ ಸರಿಸಿದರೆ `Exit group` ಸಿಗುತ್ತದೆ. ಅದನ್ನು ಒತ್ತಿದಾಗ ಖಚಿತಪಡಿಸಲು ಇನ್ನೊಮ್ಮೆ ಕೇಳುತ್ತದೆ. ಅಲ್ಲೂ ಒತ್ತಿದರೆ ಮುಗಿಯಿತು. ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಕೆಲಸವಾದಂತೆ, ಏಕೆಂದರೆ ಜನರನ್ನು ತಡೆಯುವುದು ಬಟನ್ ಎಲ್ಲಿದೆ ಎಂಬ ಗೊಂದಲಕ್ಕಿಂತ ಹೆಚ್ಚಾಗಿ "ಎಲ್ಲರಿಗೂ ಗೊತ್ತಾದರೆ?" ಎಂಬ ಸಂಕೋಚ. ಹಿಂದೆ ಯಾರಾದರೂ ಹೊರಟರೆ ಇಡೀ ಗುಂಪಿಗೆ ಅದರ ಸುದ್ದಿ ಮುಟ್ಟುತ್ತಿತ್ತು. 2022ರಿಂದ ಈಚೆಗೆ ಆ ಸೂಚನೆ ಅಡ್ಮಿನ್‌ಗಳಿಗೆ ಮಾತ್ರ ಹೋಗುತ್ತದೆ. ಆದರೆ ಪೂರ್ತಿ ಗುಟ್ಟೂ ಅಲ್ಲ: ಸದಸ್ಯರ ಪಟ್ಟಿಯ ಕೊನೆಗೆ ಹೋಗಿ ನೋಡಿದವರಿಗೆ ಕಳೆದ 60 ದಿನಗಳಲ್ಲಿ ಹೊರಟವರ ಹೆಸರು ಕಾಣುತ್ತದೆ. ಎರಡನ್ನೂ ಇದ್ದಂತೆ ಬರೆಯಿರಿ. "ಯಾರಿಗೂ ಗೊತ್ತಾಗುವುದಿಲ್ಲ" ಎಂದು ಭರವಸೆ ಕೊಟ್ಟು, ಆಮೇಲೆ ಗೊತ್ತಾದರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಹೊರಬಂದೆವು ಎಂದುಕೊಂಡು ಒಳಗೇ ಉಳಿಯುವವರೂ ಇದ್ದಾರೆ. `Clear chat` ಮಾಡಿದರೆ ಹಳೆಯ ಸಂದೇಶ ಅಳಿಯುತ್ತದೆ, ಸದಸ್ಯತ್ವ ಹಾಗೇ ಇರುತ್ತದೆ. ಫೋನಿನಿಂದ ಆ್ಯಪನ್ನೇ ತೆಗೆದುಹಾಕಿದರೂ ಅಷ್ಟೇ. ಖಾತೆ ಉಳಿದಿರುವುದರಿಂದ ಗುಂಪಿನಲ್ಲಿ ಅವರ ಹೆಸರು ಮುಂದುವರಿಯುತ್ತದೆ. ಅಡ್ಮಿನ್‌ನನ್ನು ಬ್ಲಾಕ್ ಮಾಡಿದರೂ ಗುಂಪು ಬಿಟ್ಟುಹೋಗುವುದಿಲ್ಲ. ಇನ್ನು ಗುಂಪು, ಹಲವು ಗುಂಪುಗಳನ್ನು ಒಟ್ಟಿಗೆ ಸೇರಿಸಿದ ಕಮ್ಯುನಿಟಿಯೊಂದರ ಭಾಗವಾಗಿದ್ದರೆ, ಗುಂಪಿನಿಂದ ಹೊರಬಂದ ಮೇಲೂ ಕಮ್ಯುನಿಟಿಯಲ್ಲಿ ಉಳಿದಿರುತ್ತಾರೆ. ಅದರಿಂದ ಬೇರೆಯಾಗಿಯೇ ಹೊರಬರಬೇಕು. ಇವೆಲ್ಲವನ್ನೂ ಸಂದೇಶದಲ್ಲಿ ತುಂಬಬೇಕಿಲ್ಲ. ಯಾರಾದರೂ "ಹೊರಗೆ ಬಂದರೂ ಸಂದೇಶ ಬರುತ್ತಿದೆ" ಎಂದಾಗ ಅಡ್ಮಿನ್ ಯಾವುದನ್ನು ಮೊದಲು ಕೇಳಬೇಕು ಎಂಬುದಕ್ಕೆ ಈ ಪಟ್ಟಿ.

ಹೊರಟ ಮೇಲೆ ಏನು ಉಳಿಯುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ತಿಳಿಸಿ. ಹೋದವರ ಫೋನಿನಲ್ಲಿ ಹಳೆಯ ಮಾತುಕತೆ, ಇಳಿಸಿಕೊಂಡ ಚಿತ್ರಗಳು ಹಾಗೇ ಇರುತ್ತವೆ. ಅವರು ಗುಂಪಿನಲ್ಲಿ ಹಾಕಿದ್ದ ಚಿತ್ರಗಳೂ ಉಳಿದವರ ಫೋನಿನಲ್ಲಿ ಇರುತ್ತವೆ. ಹೊರಡುವುದೆಂದರೆ ಅಳಿಸುವುದಲ್ಲ ಎಂಬುದು ಚಿತ್ರ ಹಾಕುವ ಮೊದಲೇ ಗೊತ್ತಿರಬೇಕು.

ಒಂದು ಮಾದರಿ

ಗಿಡ ಬೆಳೆಸುವವರ ಹವ್ಯಾಸದ ಗುಂಪೊಂದನ್ನು ತೆಗೆದುಕೊಳ್ಳೋಣ. ಸದಸ್ಯರು ಬೀಜ ಬದಲಾಯಿಸಿಕೊಳ್ಳುತ್ತಾರೆ, ರೋಗ ಬಂದ ಎಲೆಯ ಚಿತ್ರ ಹಾಕಿ ಕೇಳುತ್ತಾರೆ. ಹಳೆಯ ಸಂದೇಶ ತಿರುವಿದಾಗ ಕಂಡ ತೊಂದರೆ ಮೂರು: ಸಂಬಂಧವಿಲ್ಲದ ಫಾರ್ವರ್ಡ್, ಗಿಡದ ಹೆಸರೂ ಇಲ್ಲದೆ ಬರುವ ಮಸುಕು ಚಿತ್ರ, ಬೀಜ ಒಪ್ಪಿಕೊಂಡು ಮಾತು ಮುಗಿಸದೆ ಕಾಣೆಯಾಗುವವರು. ಸಂದೇಶ ಹೀಗಿರಬಹುದು:

> *ಕೈತೋಟದ ಗುಂಪಿಗೆ ಸ್ವಾಗತ.* ಇಲ್ಲಿ ಗಿಡ, ಬೀಜ, ಮಣ್ಣು, ಗೊಬ್ಬರದ ಮಾತು ಮಾತ್ರ.
>
> *ಗಿಡದ ಬಗ್ಗೆ ಕೇಳುವಾಗ* ಎರಡು ಚಿತ್ರ ಹಾಕಿ: ಇಡೀ ಗಿಡದ್ದು ಒಂದು, ತೊಂದರೆ ಇರುವ ಎಲೆಯದು ಒಂದು. ಗಿಡದ ಹೆಸರು, ಎಷ್ಟು ದಿನದಿಂದ ಹೀಗಿದೆ, ಎಷ್ಟು ನೀರು ಹಾಕುತ್ತೀರಿ ಎಂದು ಬರೆಯಿರಿ. ಇಲ್ಲದಿದ್ದರೆ ಉತ್ತರ ಕೊಡುವುದು ಕಷ್ಟ.
>
> *ಫಾರ್ವರ್ಡ್, ಶುಭಾಶಯ, ಜಾಹೀರಾತು ಬೇಡ.* ಮೊದಲ ಸಲ ಅಳಿಸಿ ನಿಮಗೆ ಬೇರೆಯಾಗಿ ತಿಳಿಸುತ್ತೇವೆ. ಮೂರನೆಯ ಸಲ ಗುಂಪಿನಿಂದ ತೆಗೆಯುತ್ತೇವೆ.
>
> *ಬೀಜ ಕೊಡುವ, ಪಡೆಯುವ ಮಾತು* ಗುಂಪಿನಲ್ಲಿ ಆರಂಭವಾಗಲಿ. ವಿಳಾಸವನ್ನು ಮಾತ್ರ ಇಬ್ಬರ ನಡುವೆ ಹಂಚಿಕೊಳ್ಳಿ.
>
> ನಿಮ್ಮ ನಂಬರ್ ಇಲ್ಲಿನ ಎಲ್ಲರಿಗೂ ಕಾಣುತ್ತದೆ. ಯಾರಾದರೂ ತೊಂದರೆ ಕೊಟ್ಟರೆ ಅಡ್ಮಿನ್ ಒಬ್ಬರಿಗೆ ನೇರವಾಗಿ ತಿಳಿಸಿ.
>
> *ಸದ್ದು ಹೆಚ್ಚಾದರೆ:* ಗುಂಪಿನ ಹೆಸರು ಒತ್ತಿ Mute ಮಾಡಿ.
> *ಹೊರಡುವುದಾದರೆ:* ಗುಂಪಿನ ಹೆಸರು ಒತ್ತಿ, ತಳದಲ್ಲಿರುವ Exit group ಒತ್ತಿ. ಕಾರಣ ಹೇಳಬೇಕಿಲ್ಲ, ಯಾರೂ ಕೇಳುವುದಿಲ್ಲ. ಸೂಚನೆ ಬರುವುದು ಅಡ್ಮಿನ್‌ಗಳಿಗೆ ಮಾತ್ರ, ಆದರೆ ಪಟ್ಟಿ ತೆರೆದು ನೋಡಿದವರಿಗೆ 60 ದಿನ ಹೆಸರು ಕಾಣುತ್ತದೆ. ಬೀಜ ಕೊಡುತ್ತೇನೆಂದು ಒಪ್ಪಿದ್ದರೆ ಆ ಮಾತು ಮುಗಿಸಿ ಹೊರಡಿ. ನೀವು ಹಾಕಿದ ಚಿತ್ರಗಳು ಉಳಿದವರ ಫೋನಿನಲ್ಲಿ ಇರುತ್ತವೆ. ಮತ್ತೆ ಬರಬೇಕೆನಿಸಿದರೆ ಅಡ್ಮಿನ್‌ಗೆ ಒಂದು ಸಂದೇಶ ಕಳಿಸಿ.

ಸಾಲಿನ ಮೊದಲ ಪದಗಳ ಎರಡೂ ಕಡೆ ನಕ್ಷತ್ರದ ಗುರುತು ಹಾಕಿದರೆ ವಾಟ್ಸ್‌ಆ್ಯಪ್ ಅವನ್ನು ದಪ್ಪಕ್ಷರದಲ್ಲಿ ತೋರಿಸುತ್ತದೆ. ಓದುವವರು ಬೇಕಾದ ಕಡೆ ಕಣ್ಣು ಹಾಯಿಸಲು ಅಷ್ಟು ಸಾಕು. "ಯಾರೂ ಕೇಳುವುದಿಲ್ಲ" ಎಂದು ಬರೆದ ಮೇಲೆ ಅಡ್ಮಿನ್ ನಿಜವಾಗಿಯೂ ಕೇಳಬಾರದು. ಹೋದವರಿಗೆ ಫೋನ್ ಮಾಡಿ "ಏನು ಬೇಜಾರಾಯಿತಾ?" ಎಂದು ವಿಚಾರಿಸುವ ಅಭ್ಯಾಸವಿದ್ದರೆ ಆ ಸಾಲನ್ನು ಬರೆಯದಿರುವುದೇ ವಾಸಿ. ಊರಿನ ಗುಂಪಾದರೆ ಹೊರಡುವ ಸಾಲಿಗೆ ಇನ್ನೊಂದನ್ನು ಸೇರಿಸಿ: ಗುಂಪಿನಲ್ಲಿ ಇಲ್ಲದವರಿಗೆ ನೀರು, ಕರೆಂಟು, ಸಭೆಯ ಸುದ್ದಿ ಯಾವ ದಾರಿಯಲ್ಲಿ ತಲುಪುತ್ತದೆ? ಬೇರೆ ದಾರಿಯೇ ಇಲ್ಲದಿದ್ದರೆ, ಅಡ್ಮಿನ್‌ಗಳಷ್ಟೇ ಬರೆಯಬಲ್ಲ ಪ್ರಕಟಣೆಯ ಗುಂಪನ್ನು ಬೇರೆ ಮಾಡಿ. ಹರಟೆಯಿಂದ ದೂರವಾಗಬೇಕಾದವರು ಸುದ್ದಿಯಿಂದಲೂ ದೂರವಾಗಬೇಕಿಲ್ಲ.

ಎಲ್ಲಿ ಇಡಬೇಕು

ಗುಂಪಿನ ವಿವರಣೆಯ ಜಾಗ ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿ 2048 ಅಕ್ಷರದವರೆಗೆ ಬರೆಯಬಹುದು, ಮತ್ತು ಯಾರು ಯಾವಾಗ ಬೇಕಾದರೂ ಗುಂಪಿನ ಹೆಸರು ಒತ್ತಿ ನೋಡಬಹುದು. ಹೊರಡುವ ಬಟನ್ ಇರುವುದೂ ಅದೇ ಪುಟದ ಕೆಳಗೆ. ಆದರೆ ವಿವರಣೆಯನ್ನು ಯಾರು ಬದಲಿಸಬಹುದು ಎಂಬ ಸೆಟ್ಟಿಂಗ್‌ನಲ್ಲಿ ಅಡ್ಮಿನ್‌ಗಳನ್ನು ಮಾತ್ರ ಉಳಿಸಿ. ಇಲ್ಲದಿದ್ದರೆ ಯಾರದ್ದೋ ಬೆರಳು ತಾಗಿ ಎಲ್ಲ ಅಳಿಸಿಹೋಗುತ್ತದೆ.

ಸಂದೇಶವನ್ನು ಪಿನ್ ಮಾಡಿ ಸುಮ್ಮನಾಗುವವರು ಒಂದು ಸಂಗತಿ ಗಮನಿಸಬೇಕು: ಪಿನ್ ಇರುವುದು 24 ಗಂಟೆ, 7 ದಿನ ಅಥವಾ ಹೆಚ್ಚೆಂದರೆ 30 ದಿನ. ಆಮೇಲೆ ತಾನಾಗಿ ಕಳಚಿಕೊಳ್ಳುತ್ತದೆ. ಹೊಸಬರು ಸೇರಿದಾಗಲೆಲ್ಲ ಇಡೀ ಸಂದೇಶವನ್ನು ಗುಂಪಿನಲ್ಲಿ ಹಾಕುವುದೂ ಬೇಡ. ವಾರದಲ್ಲಿ ಆರು ಜನ ಸೇರಿದರೆ ಹಳಬರು ಅದನ್ನೇ ಆರು ಸಲ ನೋಡಬೇಕು, ಏಳನೆಯ ಸಲಕ್ಕೆ ಅವರೇ `Mute` ಹುಡುಕುತ್ತಾರೆ. ಹೊಸಬರಿಗೆ ನೇರವಾಗಿ ಕಳಿಸಿ, ಗುಂಪಿನಲ್ಲಿ ಹೆಸರು ಹೇಳಿ ಒಂದು ಸಾಲಿನ ಸ್ವಾಗತ ಹಾಕಿ. ಉದ್ದದ ಸಂದೇಶವನ್ನು ಆ್ಯಪ್ ಅರ್ಧಕ್ಕೆ ಕತ್ತರಿಸಿ `Read more` ಎಂದು ತೋರಿಸುತ್ತದೆ. ನೇರವಾಗಿ ಕಳಿಸುವಾಗ ನಿಯಮಗಳನ್ನು ಒಂದು ಸಂದೇಶದಲ್ಲಿ, ಸದ್ದು ಮತ್ತು ಹೊರಡುವ ಭಾಗವನ್ನು ಇನ್ನೊಂದರಲ್ಲಿ ಕಳಿಸಿದರೆ ಆ ಕತ್ತರಿಗೆ ಸಿಗುವುದು ಕಡಿಮೆ.

ಪರೀಕ್ಷೆ ಮಾಡಿ

ಗುಂಪಿಗೆ ಸಂಬಂಧವೇ ಇಲ್ಲದ ಒಬ್ಬರಿಗೆ ಸಂದೇಶ ತೋರಿಸಿ, ಫೋನ್ ವಾಪಸ್ ಪಡೆದು ಎರಡೇ ಪ್ರಶ್ನೆ ಕೇಳಿ: ನಿಯಮ ಮುರಿದರೆ ಏನಾಗುತ್ತದೆ? ಹೊರಗೆ ಹೋಗುವುದು ಹೇಗೆ? ತಡವರಿಸಿದರೆ ಆ ಸಾಲನ್ನು ಮತ್ತೆ ಬರೆಯಿರಿ. ಸಂದೇಶ ಕೆಲಸ ಮಾಡುತ್ತಿದೆಯೇ ಎಂದು ಆಮೇಲೂ ಗೊತ್ತಾಗುತ್ತದೆ. "ನನ್ನನ್ನು ತೆಗೆಯಿರಿ" ಎಂಬ ಕೋರಿಕೆ ಗುಂಪಿನಲ್ಲಿ ಇನ್ನೂ ಬರುತ್ತಿದ್ದರೆ ಹೊರಡುವ ಸಾಲು ಯಾರ ಕಣ್ಣಿಗೂ ಬಿದ್ದಿಲ್ಲ. ಅದನ್ನು ಮೇಲಕ್ಕೆ ತನ್ನಿ.

ಅಡ್ಮಿನ್ ಹೊರಡುವಾಗ ಮಾತ್ರ ದಾರಿ ಬೇರೆ. ಒಬ್ಬರೇ ಅಡ್ಮಿನ್ ಇದ್ದು ಅವರು ಹೊರಟುಬಿಟ್ಟರೆ, ಉಳಿದ ಸದಸ್ಯರಲ್ಲಿ ಯಾರಾದರೊಬ್ಬರನ್ನು ಆ್ಯಪ್ ತಾನೇ ಅಡ್ಮಿನ್ ಮಾಡಿಬಿಡುತ್ತದೆ. ಅದು ಗುಂಪನ್ನು ತೆರೆದೇ ನೋಡದವರಾಗಿರಬಹುದು. ಆದ್ದರಿಂದ ಒಪ್ಪುವ ಒಬ್ಬರನ್ನು ಮೊದಲೇ ಕೇಳಿ ಅಡ್ಮಿನ್ ಮಾಡಿ, ಸಂದೇಶದಲ್ಲಿ ನಿಮ್ಮ ಹೆಸರಿದ್ದರೆ ಅವರ ಹೆಸರು ಹಾಕಿ, ಆಮೇಲೆ `Exit group` ಒತ್ತಿ.