ಭಾಷೆ ಗೊತ್ತಿಲ್ಲದ ಹಾಡು: ಸಾಲಿನ ಕೊನೆಗೆ ಕಿವಿ ಕೊಡಿ

ಹಾಡಿನ ಹೆಸರಿಲ್ಲ, ಚಿತ್ರವಿಲ್ಲ, ಹಾಡಿದವರು ಯಾರೆಂದೂ ತಿಳಿಯದು. ವಾಟ್ಸ್‌ಆ್ಯಪ್‌ನಲ್ಲಿ ಹತ್ತಾರು ಕೈ ದಾಟಿ ಬಂದ ಮುಕ್ಕಾಲು ನಿಮಿಷದ ಆಡಿಯೊ ಅಷ್ಟೇ. ದಾವಣಗೆರೆ, ಚಿತ್ರದುರ್ಗದ ಕಡೆ ಇಂಥದ್ದು ಸಿಕ್ಕರೆ ಅದು ಯಾವ ಭಾಷೆಯದೂ ಆಗಿರಬಹುದು. ಮೊಳಕಾಲ್ಮುರು, ಚಳ್ಳಕೆರೆಯಲ್ಲಿ ತೆಲುಗು ಮನೆಮಾತಾಗಿರುವವರು ಬಹಳ. ನ್ಯಾಮತಿ, ಹೊಳಲ್ಕೆರೆ ಸುತ್ತ ಲಂಬಾಣಿ ತಾಂಡಾಗಳಿವೆ. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವುದೂ ನ್ಯಾಮತಿ ತಾಲ್ಲೂಕಿನಲ್ಲೇ. ಪೇಟೆಗೆ ಬಂದರೆ ಉರ್ದು, ಮರಾಠಿ, ಮಾರವಾಡಿ, ತಮಿಳು ಎಲ್ಲವೂ ಕಿವಿಗೆ ಬೀಳುತ್ತವೆ.

ಮೊದಲು ಬಿಡಬೇಕಾದದ್ದು

ರಾಗ, ತಾಳ, ವಾದ್ಯ ಇವು ಮೂರನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಒಂದೇ ಧಾಟಿ ನಾಲ್ಕು ಭಾಷೆಯಲ್ಲಿ ಓಡಾಡುತ್ತದೆ. ದೇವರ ಹೆಸರು, ‘ಕರುಣ’, ‘ಪ್ರೇಮ’ದಂಥ ಸಂಸ್ಕೃತ ಪದಗಳೂ ಸಾಕ್ಷಿಗೆ ಬರುವುದಿಲ್ಲ, ಅವು ಎಲ್ಲರ ಹಾಡಲ್ಲೂ ಇವೆ. ‘ರೇ’, ‘ಓ’, ‘ಯೋ’ ಎಂಬ ಕೂಗುಗಳಂತೂ ಯಾವ ಭಾಷೆಯ ಸ್ವತ್ತೂ ಅಲ್ಲ.

ಸ್ವರದ ಉದ್ದವನ್ನೂ ನಂಬುವಂತಿಲ್ಲ. ಮಾತಿನಲ್ಲಿ ಗಿಡ್ಡವಿದ್ದ ಅಕ್ಷರ ಹಾಡಿನಲ್ಲಿ ತಾಳಕ್ಕೆ ತಕ್ಕಂತೆ ಎಳೆದುಕೊಳ್ಳುತ್ತದೆ. ಎಷ್ಟೇ ಎಳೆದರೂ ಉಳಿಯುವುದು ವ್ಯಂಜನ, ಮತ್ತು ‘ಇದೆ’, ‘ಇಲ್ಲ’, ‘ನನ್ನ’, ‘ನಿನ್ನ’ ಎನ್ನುವ ಪುಟ್ಟ ಪದಗಳು. ನಾಮಪದಗಳನ್ನು ಎಲ್ಲಿಂದಲಾದರೂ ಎರವಲು ತರಬಹುದು, ಈ ಪುಟ್ಟ ಪದಗಳನ್ನು ಸುಲಭವಾಗಿ ಯಾರೂ ತರುವುದಿಲ್ಲ. ಅವು ಹೆಚ್ಚಾಗಿ ಸಾಲಿನ ಕೊನೆಯಲ್ಲೇ ಸಿಗುತ್ತವೆ.

ಕೇಳಿ ಬರೆದುಕೊಳ್ಳುವುದು

ಇಯರ್‌ಫೋನ್ ಹಾಕಿಕೊಂಡು ಹದಿನೈದು ಸೆಕೆಂಡಿನಷ್ಟು ಭಾಗ ಆರಿಸಿಕೊಳ್ಳಿ. ಪಲ್ಲವಿಯಾದರೆ ಒಳ್ಳೆಯದು, ಅದೇ ಸಾಲು ಮತ್ತೆ ಮತ್ತೆ ಬರುತ್ತದೆ. ವೇಗವನ್ನು 0.75ಕ್ಕೆ ಇಳಿಸಿ. 0.5ಕ್ಕೆ ಇಳಿಸಿದರೆ ಕ, ತ, ಪಗಳ ಅಂಚು ಕರಗಿ ಎಲ್ಲ ಒಂದೇ ಥರ ಕೇಳುತ್ತದೆ.

ಕೇಳಿಸಿದ್ದನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ತ–ಟ, ನ–ಣ, ಲ–ಳ ವ್ಯತ್ಯಾಸ ಹಿಡಿಯಲು ನಮ್ಮ ಲಿಪಿ ಇಂಗ್ಲಿಷಿಗಿಂತ ಎಷ್ಟೋ ಮೇಲು. ಸ್ಪಷ್ಟವಾಗಿ ಕೇಳದ ಕಡೆ ಗೆರೆ ಎಳೆದು ಮುಂದೆ ಹೋಗಿ. ಅರ್ಥ ಹುಡುಕಲು ಹೋಗಬೇಡಿ, ಕೆಲಸ ಕೆಡುವುದು ಇಲ್ಲಿಯೇ. ಕಿವಿ ತನಗೆ ಗೊತ್ತಿರುವ ಪದವನ್ನು ತಾನೇ ತುಂಬಿಕೊಂಡುಬಿಡುತ್ತದೆ, ಆಮೇಲೆ ಬೇರೇನೂ ಕೇಳಿಸುವುದಿಲ್ಲ.

ಮೊಬೈಲಿನಲ್ಲಿ ರೆಕಾರ್ಡಾಗಿ, ಕುಗ್ಗಿ ಬಂದ ಆಡಿಯೊದಲ್ಲಿ ಸ–ಶ ವ್ಯತ್ಯಾಸವನ್ನು ನಂಬಬೇಡಿ. ಆ ಸದ್ದಿನ ಬಹುಪಾಲು ಮೇಲಿನ ಕಂಪನಗಳಲ್ಲಿ ಇರುತ್ತದೆ, ಮೊದಲು ಹಾಳಾಗುವುದೂ ಅದೇ. ಗುಂಪು ಹಾಡಾದರೆ ಮಹಾಪ್ರಾಣವೂ ಮಸುಕು. ಮ, ನ, ಲ, ರ ಮಾತ್ರ ಎಂಥ ಹಾಳು ರೆಕಾರ್ಡಿಂಗಿನಲ್ಲೂ ಸಾಮಾನ್ಯವಾಗಿ ಉಳಿಯುತ್ತವೆ.

ದಕ್ಷಿಣದ್ದೋ, ಉತ್ತರದ್ದೋ

ಪದಗಳು ನ್, ಮ್, ಳ್, ರ್ ಎಂದು ಮುಚ್ಚಿಕೊಳ್ಳುತ್ತಿದ್ದು, ನಾಲಿಗೆ ಹಿಂದೆ ಮಡಚಿದ ಆ ವಿಶಿಷ್ಟ ‘ೞ’ ಕೂಡ ಕೇಳಿದರೆ ತಮಿಳು ಇಲ್ಲವೇ ಮಲಯಾಳ. ಅದರ ಜೊತೆ ‘-ಉನ್ನು’ ಎಂದು ಕ್ರಿಯಾಪದ ಮುಗಿಯುತ್ತ, ‘ಞ್ಞ’, ‘ಙ್ಙ’ ಎಂಬ ಮೂಗಿನ ಒತ್ತಕ್ಷರ ಆಗಾಗ ಬಂದರೆ ಮಲಯಾಳವೇ.

ನಮ್ಮ ಜಿಲ್ಲೆಗಳಲ್ಲಿ ಗೊಂದಲ ಹೆಚ್ಚಾಗುವುದು ಕನ್ನಡ–ತೆಲುಗಿನ ನಡುವೆ. ಎರಡರಲ್ಲೂ ಪದ ಸ್ವರದಲ್ಲಿ ಮುಗಿಯುತ್ತದೆ. ‘ನಾ’, ‘ನೀವು’ ಎರಡರಲ್ಲೂ ಇವೆ: ಕನ್ನಡದ ‘ನಾ’ ಎಂದರೆ ನಾನು, ತೆಲುಗಿನ ‘ನಾ’ ಎಂದರೆ ನನ್ನ, ತೆಲುಗಿನ ‘ನೀವು’ ಒಬ್ಬನನ್ನೇ ಏಕವಚನದಲ್ಲಿ ಕರೆಯುವುದು. ಹಾಗಾಗಿ ಇವುಗಳಿಂದ ಏನೂ ತೀರ್ಮಾನವಾಗದು. ಪದದ ಮೊದಲಕ್ಷರ ನೋಡಿ. ಕನ್ನಡದ ಹಾಲು, ಹೂವು, ಹೆಸರು ತೆಲುಗಿನಲ್ಲಿ ಪಾಲು, ಪುವ್ವು, ಪೇರು. ‘ಹ’ ಬರಬೇಕಾದಲ್ಲೆಲ್ಲ ‘ಪ’ ಬರುತ್ತಿದ್ದರೆ ಕನ್ನಡವನ್ನು ಕೈಬಿಡಬಹುದು. ಹಳ್ಳಿ ಹಾಡಲ್ಲಿ ‘ಹ’ ಉದುರಿ ‘ಆಲು’, ‘ಊವು’ ಆದೀತು, ‘ಪ’ ಆಗುವುದಿಲ್ಲ. ಅದಕ್ಕೆ ‘-ಲೋ’, ‘ಲೇದು’ ಸೇರಿದರೆ ತೆಲುಗು. ‘-ಅಲ್ಲಿ’, ‘ಇಲ್ಲ’ ಸೇರಿದರೆ ಕನ್ನಡ.

ಛ, ಭ, ಘಗಳು ಸಾಮಾನ್ಯ ಪದಗಳಲ್ಲೇ ಧಾರಾಳವಾಗಿ ಬಂದರೆ ಉತ್ತರದ ಕಡೆಯ ಭಾಷೆ. ಅಲ್ಲಿ ‘ಹೈ’, ‘ನಹೀಂ’ ಇದ್ದರೆ ಹಿಂದಿ–ಉರ್ದು; ‘ಆಹೇ’, ‘ನಾಹೀ’ ಮತ್ತು ‘-ಚಾ, -ಚೀ’ ಇದ್ದರೆ ಮರಾಠಿ. ‘ಳ’ ನಿಚ್ಚಳವಾಗಿ ಕೇಳಿದರೆ ಹಿಂದಿ–ಉರ್ದುವನ್ನು ಪಟ್ಟಿಯಿಂದ ತೆಗೆಯಬಹುದು, ಮರಾಠಿಯನ್ನಲ್ಲ.

ಒಂದು ತುಣುಕು ಬಿಡಿಸಿ ನೋಡೋಣ

ವಾದ್ಯವಿಲ್ಲ. ಒಬ್ಬ ಹೆಂಗಸು ಸಾಲು ಎತ್ತಿಕೊಡುತ್ತಾಳೆ, ಐದಾರು ಮಂದಿ ಅದನ್ನೇ ಹಾಡುತ್ತಾರೆ. ಮೂರು ಸಲ ಕೇಳಿದ ಮೇಲೆ ಕಾಗದದ ಮೇಲೆ ಉಳಿದದ್ದು ಇಷ್ಟು: ‘ಯಾಡಿ — ತಾರೋ — ಛಾ’, ಮುಂದಿನ ಸಾಲಿನ ಕೊನೆಗೆ ‘ಕೋನಿ’. ಮೊದಲ ಸಲ ಕೇಳಿದವರು ಗುಜರಾತಿ ಎನ್ನಬಹುದು, ಮಾರವಾಡಿ ಎಂದರೂ ಆಶ್ಚರ್ಯವಿಲ್ಲ.

‘ತಾರೋ’ ಎಂದರೆ ನಿನ್ನ. ಹಿಂದಿಯಲ್ಲಿ ‘ತೇರಾ’, ಮರಾಠಿಯಲ್ಲಿ ‘ತುಝಾ’ ಇರಬೇಕಿತ್ತು, ಎರಡೂ ಹೋದವು. ಗುಜರಾತಿಯಲ್ಲಿ ಇದೇ ‘ತಾರೋ’ ಉಂಟು. ಮಾರವಾಡಿಯಲ್ಲಿ ‘ಥಾರೋ’, ಗುಂಪು ಹಾಡಿನಲ್ಲಿ ಥ–ತ ಗೊತ್ತಾಗುವುದಿಲ್ಲವಾದ್ದರಿಂದ ಅದನ್ನೂ ಸದ್ಯಕ್ಕೆ ಇಟ್ಟುಕೊಳ್ಳಬೇಕು.

ಇನ್ನು ‘ಛಾ’. ಅದನ್ನು ಎಳೆದಿದ್ದಾರೆ, ಮಾತಿನಲ್ಲಿ ಗಿಡ್ಡ ‘ಛ’, ಇದೆ ಎಂಬ ಅರ್ಥ. ಮಾರವಾಡಿಯಲ್ಲಿ ಇದಕ್ಕೆ ‘ಹೈ’ ಎನ್ನುತ್ತಾರೆ, ಅದು ಇಲ್ಲಿಗೆ ಹೋಯಿತು. ಗುಜರಾತಿಯ ‘ಛೇ’ ಮಾತ್ರ ಹತ್ತಿರ. ಅದನ್ನು ಹೊರಗೆ ಹಾಕುವುದು ‘ಕೋನಿ’. ಇಲ್ಲ ಎನ್ನಲು ಗುಜರಾತಿಯಲ್ಲಿ ‘ನಥೀ’ ಬರಬೇಕು. ‘ಕೋನಿ’ ರಾಜಸ್ಥಾನದ ಕಡೆಯದು, ಜೊತೆಗೆ ಲಂಬಾಣಿಯದು. ‘ತಾರೋ’, ‘ಛ’, ‘ಕೋನಿ’ ಮೂರೂ ಒಟ್ಟಿಗೆ ಕೂಡುವುದು ನಮ್ಮ ಪಟ್ಟಿಯಲ್ಲಿ ಲಂಬಾಣಿಯೊಂದರಲ್ಲೇ. ‘ಯಾಡಿ’ ಎಂದರೆ ಅವರಲ್ಲಿ ತಾಯಿ, ಅದು ಮುದ್ರೆ ಒತ್ತಿದಂತೆ.

ಇನ್ನೊಂದು ಪರೀಕ್ಷೆಯೂ ಇದೆ. ‘ಇಂಥವರ’ ಎನ್ನಲು ಗುಜರಾತಿಯಲ್ಲಿ ಹೆಸರಿಗೆ ‘-ನೋ, -ನೀ, -ನುಂ’ ಹತ್ತಿದರೆ ಲಂಬಾಣಿಯಲ್ಲಿ ‘-ರೋ, -ರೀ’ ಹತ್ತುತ್ತದೆ. ಸಾಲಿನ ಕೊನೆಯ ‘ರೋ’ ಬರೀ ಕೂಗಿರಬಹುದು. ಎರಡು ಹೆಸರುಗಳ ನಡುವೆ ನಿಂತು, ಮುಂದಿನ ಪದಕ್ಕೆ ತಕ್ಕಂತೆ ಒಮ್ಮೆ ‘ರೋ’, ಒಮ್ಮೆ ‘ರೀ’ ಆದರೆ ಅದು ಪ್ರತ್ಯಯ.

ಈ ಭಾಗದ ಲಂಬಾಣಿ ಹಾಡುಗಳಲ್ಲಿ ಕನ್ನಡ ಪದ ಧಾರಾಳವಾಗಿ ಸೇರಿಕೊಂಡಿರುತ್ತದೆ. ನಡುವೆ ಒಂದು ‘ಊರು’, ‘ಬಸ್ಸು’ ಕೇಳಿತೆಂದು ತೀರ್ಪು ಬದಲಿಸಬೇಡಿ. ಒಂದು ಸಾಲು ಪೂರ್ತಿ ಕನ್ನಡದ ‘ಇದೆ’, ‘ಅಲ್ಲಿ’ಗಳಿಂದಲೇ ಮುಗಿದರೆ ಮಾತ್ರ ಅದು ಎರಡು ಭಾಷೆಯ ಹಾಡು ಎಂದು ಬರೆದುಕೊಳ್ಳಿ.

ಪುಟ್ಟ ಪದಗಳಲ್ಲಿ ಒಂದೇ ಸಿಕ್ಕಿದ್ದರೆ ‘ಬಹುಶಃ’ ಎಂದಷ್ಟೇ ಬರೆಯಿರಿ. ಬೇರೆ ಬೇರೆ ಕೆಲಸ ಮಾಡುವ ಮೂರು ಸಿಕ್ಕಿದ ಮೇಲೆ ಆ ಭಾಷೆಯವರೊಬ್ಬರಿಗೆ ಕೇಳಿಸಿ. ‘ಇದು ನಿಮ್ಮ ಭಾಷೆಯಾ?’ ಎಂದು ಕೇಳಿದರೆ ಹೌದೆಂದು ತಲೆಯಾಡಿಸಿಬಿಡುವವರು ಬಹಳ. ‘ಈ ಸಾಲಲ್ಲಿ ಏನಂತಾರೆ?’ ಎಂದು ಕೇಳಿ. ಸಾಲನ್ನು ತಿರುಗಿ ಹೇಳಿ ಅರ್ಥ ಬಿಡಿಸಿದರೆ ಸರಿ. ‘ನಮ್ಮ ಕಡೇದೇ, ಆದ್ರೆ ಮಾತು ಬೇರೆ ಥರ’ ಎಂದರೆ ಪಕ್ಕದ ಭಾಷೆಗೆ ಹೋಗಿ.