ಷೇರು ಐದೂವರೆ ಪರ್ಸೆಂಟ್ ಏರಿತು, ನನ್ನ ಸ್ಟ್ರಾಡಲ್‌ನಲ್ಲಿ 15,200 ಹೋಯಿತು

ನಾನು ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಾಲ್ಕು ವರ್ಷದಿಂದ ಆಪ್ಷನ್ ಟ್ರೇಡಿಂಗ್ ಕೂಡ ಮಾಡುತ್ತಿದ್ದೇನೆ. ಈಗ ಹೇಳುವುದು ಜುಲೈ ತಿಂಗಳ ಒಂದೇ ಒಂದು ಟ್ರೇಡಿನ ಕತೆ. ಕಂಪನಿಯ ಹೆಸರು ಬೇಡ, ಲೆಕ್ಕ ಮಾತ್ರ ಸಾಕು.

ಷೇರಿನ ಬೆಲೆ 1,500 ರೂಪಾಯಿ ಇತ್ತು. ಮಾರುಕಟ್ಟೆ ಮುಚ್ಚಿದ ಮೇಲೆ, ಸಂಜೆ, ಮೂರು ತಿಂಗಳ ಫಲಿತಾಂಶ ಬರುವುದಿತ್ತು. ಮೇಲೆ ಹೋಗುತ್ತದೋ ಕೆಳಗೆ ಬೀಳುತ್ತದೋ ಗೊತ್ತಿಲ್ಲ, ಆದರೆ ಜೋರಾಗಿ ಅಲುಗಾಡುತ್ತದೆ ಅಂತ ನನಗೆ ಖಾತ್ರಿ ಇತ್ತು. ಹಾಗಾಗಿ ಮಧ್ಯಾಹ್ನ ಮೂರು ಗಂಟೆಗೆ ಷೇರನ್ನು 1,500ಕ್ಕೆ ಕೊಳ್ಳುವ ಹಕ್ಕಾದ ಕಾಲ್ ಮತ್ತು 1,500ಕ್ಕೆ ಮಾರುವ ಹಕ್ಕಾದ ಪುಟ್ ಎರಡನ್ನೂ ಕೊಂಡೆ. ಈ ಜೋಡಿಗೇ ಸ್ಟ್ರಾಡಲ್ ಅನ್ನುತ್ತಾರೆ. ಕಾಲ್‌ಗೆ 69, ಪುಟ್‌ಗೆ 66, ಒಟ್ಟು 135 ರೂಪಾಯಿ. ಲಾಟ್ 400 ಷೇರಿನದು, ಅಂದರೆ ಕೈಯಿಂದ ಹೋದದ್ದು 54,000. ಎಕ್ಸ್‌ಪೈರಿಗೆ, ಅಂದರೆ ಆ ಹಕ್ಕಿನ ಅವಧಿ ಮುಗಿಯುವುದಕ್ಕೆ, ಇನ್ನೂ 12 ದಿನ ಇತ್ತು.

ರಾತ್ರಿ ಫಲಿತಾಂಶ ಚೆನ್ನಾಗಿಯೇ ಬಂತು. ಬೆಳಿಗ್ಗೆ ಹೊರಗೆ ಒಂದೇ ಸಮ ಮಳೆ, ಕರೆಂಟ್ ಇಲ್ಲ. ಮೊಬೈಲ್ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದೆ. 9:15ಕ್ಕೆ ಷೇರು 1,582ಕ್ಕೆ ತೆರೆಯಿತು. ಐದೂವರೆ ಪರ್ಸೆಂಟ್ ಏರಿಕೆ! ನಾನು ಅಂದುಕೊಂಡ ಹಾಗೆಯೇ ಆಗಿತ್ತು. ಆದರೆ ಪೊಸಿಷನ್ ತೆರೆದು ನೋಡಿದರೆ ಎಲ್ಲಾ ಕೆಂಪು. ಕಾಲ್ 69ರಿಂದ ಬರೀ 91ಕ್ಕೆ ಬಂದಿತ್ತು. ಪುಟ್ 66ರಿಂದ 6ಕ್ಕೆ ಬಿದ್ದಿತ್ತು. ಎರಡೂ ಸೇರಿ 97. ಆ್ಯಪ್ ಕೆಟ್ಟಿದೆಯೇನೋ ಅಂತ ಎರಡು ಸಲ ಮುಚ್ಚಿ ತೆರೆದೆ. ಪಕ್ಕದಲ್ಲೇ ಕೂತಿದ್ದ ನನ್ನ ಹೆಂಡತಿಯ ತಮ್ಮ ಕೇಳಿದ, "ಷೇರು ಏರಿದ್ದಲಾ ಭಾವ, ನಿಂಗೆ ಎಂತಕ್ಕೆ ಲಾಸಾತು?"

ಆ ಹೊತ್ತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. 97ಕ್ಕೆ ಎರಡನ್ನೂ ಮಾರಿ ಹೊರಗೆ ಬಂದೆ. ಷೇರಿಗೆ 38 ರೂಪಾಯಿಯಂತೆ 15,200 ಹೋಯಿತು. ಬ್ರೋಕರೇಜು, ತೆರಿಗೆ ಬೇರೆ.

ಉತ್ತರ ಸಿಕ್ಕಿದ್ದು ಆಪ್ಷನ್‌ಗಳ ಬೆಲೆಪಟ್ಟಿಯಾದ ಆಪ್ಷನ್ ಚೈನ್‌ನ ಒಂದು ಕಾಲಂನಲ್ಲಿ. ಅದೇ ಐವಿ, ಅಂದರೆ ಇಂಪ್ಲೈಡ್ ವೊಲಾಟಿಲಿಟಿ. ಮುಂದೆ ಷೇರು ಎಷ್ಟು ಅಲುಗಾಡಬಹುದು ಅನ್ನುವುದಕ್ಕೆ ಮಾರುಕಟ್ಟೆ ಇಟ್ಟಿರುವ ಅಂದಾಜು ಅದು. ಆಪ್ಷನ್ ಬೆಲೆಯ ಒಳಗೇ ಅದು ಸೇರಿಕೊಂಡಿರುತ್ತದೆ. ನಾನು ಕೊಂಡಾಗ ಐವಿ 62 ಪರ್ಸೆಂಟ್ ಇತ್ತು. ಮಾರುವಾಗ 30 ಆಗಿತ್ತು.

ನಮ್ಮ ಮಂಡಿಯಲ್ಲಿ ಟೆಂಡರ್ ತೆರೆಯುವ ಮೊದಲು ಈ ರಾಶಿ ಅಡಿಕೆಗೆ, ಆ ಚಾಲಿಗೆ ಎಷ್ಟು ಬರುತ್ತದೋ ಅಂತ ಎಲ್ಲರದ್ದೂ ಒಂದೇ ಮಾತು. ಚೀಟಿ ತೆರೆದ ಮೇಲೆ ರೇಟು ಹೆಚ್ಚೇ ಬಂದಿರಲಿ, ಕಮ್ಮಿಯೇ ಬಂದಿರಲಿ, ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಫಲಿತಾಂಶವೂ ಹಾಗೆಯೇ. ಹಿಂದಿನ ದಿನ ಕಾಲ್, ಪುಟ್ ಕೊಳ್ಳುವವನು ಆ ಪ್ರಶ್ನೆಗೂ ದುಡ್ಡು ಕೊಡುತ್ತಾನೆ. ಬೆಳಿಗ್ಗೆ ಪ್ರಶ್ನೆಯೇ ಇರುವುದಿಲ್ಲ, ಅದಕ್ಕೆ ಕೊಟ್ಟ ದುಡ್ಡೂ ಇರುವುದಿಲ್ಲ.

ಅದು ಎಷ್ಟು ದುಡ್ಡು ಅಂತ ನೋಡಲು ಆಪ್ಷನ್ ಕ್ಯಾಲ್ಕ್ಯುಲೇಟರ್‌ನಲ್ಲಿ ಷೇರಿನ ಬೆಲೆ 1,582 ಹಾಕಿ, ಐವಿಯನ್ನು 62ರಲ್ಲೇ ಬಿಟ್ಟೆ. ಕಾಲ್ 117, ಪುಟ್ 32, ಒಟ್ಟು 149 ಬಂತು. ಅಂದರೆ ಐವಿ ಬೀಳದೇ ಇದ್ದಿದ್ದರೆ ನನಗೆ 14 ರೂಪಾಯಿ ಲಾಭ. ಐವಿ ಬಿದ್ದದ್ದೊಂದೇ ಪ್ರತಿ ಷೇರಿಗೆ 52 ರೂಪಾಯಿ ತಿಂದಿತ್ತು. ಒಂದು ದಿನ ಕಳೆದದ್ದಕ್ಕೆ ಕಡಿಮೆಯಾದದ್ದು ಇದರ ಮುಂದೆ ಏನೂ ಅಲ್ಲ. ಬೆಲೆ ಬದಲಿಸುತ್ತಾ ಹೋದೆ. ಐವಿ 30 ಇಟ್ಟುಕೊಂಡು 135 ವಾಪಸ್ ಬರಬೇಕಾದರೆ ಷೇರು ಬೆಳಿಗ್ಗೆ 1,630ರ ಹತ್ತಿರ ತೆರೆಯಬೇಕಿತ್ತು. ಎಂಟೂವರೆ ಪರ್ಸೆಂಟಿಗಿಂತ ಜಾಸ್ತಿ! "ಜೋರಾಗಿ ಅಲುಗಾಡುತ್ತದೆ" ಅನ್ನುವ ನನ್ನ ಅಂದಾಜು ಸರಿಯಾಗಿಯೇ ಇತ್ತು. ಮಾರುಕಟ್ಟೆ ಅದಕ್ಕಿಂತ ಜೋರಾದ ಅಲುಗಾಟದ ಬೆಲೆಯನ್ನು ನನ್ನಿಂದ ಮೊದಲೇ ತೆಗೆದುಕೊಂಡಿತ್ತು.

ಇದನ್ನು ಕೊಳ್ಳುವ ಮೊದಲೇ ತಿಳಿಯಬಹುದು. ಈಗ ನಾನು ಪ್ರತಿ ಸಲ ಮಾಡುವ ಲೆಕ್ಕ ಇದು. ಈ ತಿಂಗಳು ಮುಗಿಯುವ ಆಪ್ಷನ್‌ನ ಐವಿ ಜೊತೆಗೆ ಮುಂದಿನ ತಿಂಗಳು ಮುಗಿಯುವುದರ ಐವಿಯನ್ನೂ ನೋಡುತ್ತೇನೆ. ಅವತ್ತು ಮುಂದಿನ ತಿಂಗಳ ಐವಿ 42 ಇತ್ತು, ಅದರ ಎಕ್ಸ್‌ಪೈರಿಗೆ 40 ದಿನ. ಫಲಿತಾಂಶದ ಆ ಒಂದು ರಾತ್ರಿ ಎರಡರಲ್ಲೂ ಇದೆ. ಹಾಗಾದರೆ ಎರಡರ ನಡುವಿನ 28 ದಿನಗಳು ಮಾಮೂಲಿ ದಿನಗಳು. ಏರಿಳಿತವನ್ನು ಸುಮ್ನೆ ಕೂಡಿ ಕಳೆಯಲು ಬರುವುದಿಲ್ಲ, ಐವಿಯನ್ನು ವರ್ಗ ಮಾಡಿ ದಿನಗಳಿಂದ ಗುಣಿಸಿಯೇ ಕಳೆಯಬೇಕು.

```
42 × 42 × 40 = 70,560
62 × 62 × 12 = 46,128
(70,560 − 46,128) ÷ 28 = 873  →  √873 = 29.5
46,128 − (11 × 873) = 36,525  →  √36,525 = 191
191 ÷ √365 = 10
10 × 0.8 = 8
```

ಮೂರನೇ ಸಾಲಿನ 29.5 ಅಂದರೆ ಮಾಮೂಲಿ ದಿನಗಳ ಐವಿ. ಫಲಿತಾಂಶದ ಮರುದಿನ ಐವಿ ಸುಮಾರು ಅಲ್ಲಿಗೇ ಬಂದು ನಿಲ್ಲುತ್ತದೆ. ಅವತ್ತು ಬಂದದ್ದೂ 30ಕ್ಕೇ ಅಲ್ವಾ? ಆ ಸಂಖ್ಯೆ ಹಿಂದಿನ ದಿನವೇ ನನ್ನ ಕಣ್ಣ ಮುಂದೆ ಇತ್ತು. 12 ದಿನಗಳಲ್ಲಿ 11 ಮಾಮೂಲಿ ದಿನ ತೆಗೆದರೆ ಉಳಿಯುವುದು ಆ ಒಂದು ರಾತ್ರಿಯ ಪಾಲು. ಐವಿ ವರ್ಷದ ಲೆಕ್ಕದಲ್ಲಿ ಇರುವುದರಿಂದ 365ರ ವರ್ಗಮೂಲದಿಂದ ಭಾಗಿಸಿ ಒಂದು ದಿನಕ್ಕೆ ಇಳಿಸುತ್ತೇನೆ. 0.8ರಿಂದ ಗುಣಿಸಿದರೆ ಮೇಲಕ್ಕೋ ಕೆಳಕ್ಕೋ ಆಗಬಹುದಾದ ಸರಾಸರಿ ಅಲುಗಾಟ ಸಿಗುತ್ತದೆ. ಅವತ್ತು ಅದು 8 ಪರ್ಸೆಂಟ್.

ಆಮೇಲೆ ಅದೇ ಷೇರಿನ ಹಿಂದಿನ ಎಂಟು ಫಲಿತಾಂಶಗಳ ಮರುದಿನದ ಬೆಲೆ ತೆಗೆದು ನೋಡಿದೆ. 3, 6, 2, 9, 4, 5, 7, 4 ಪರ್ಸೆಂಟ್. ಸರಾಸರಿ 5. ಎಂಟರಲ್ಲಿ ಒಂದೇ ಸಲ ನನ್ನ ಅಸಲು ವಾಪಸ್ ಬರುತ್ತಿತ್ತು. ಎಂಟು ಸಲದ್ದು ಚಿಕ್ಕ ಲೆಕ್ಕ, ಅದನ್ನೇ ನಂಬಿ ಕೂರಲು ಆಗುವುದಿಲ್ಲ. ಆದರೆ 5ರ ಮಾಲಿಗೆ 8ರ ಬೆಲೆ ಕೇಳುತ್ತಿದ್ದಾರೆ ಅಂತ ತಿಳಿಯಲು ಅಷ್ಟು ಸಾಕು.

ಹಾಗಾದರೆ ಸ್ಟ್ರಾಡಲ್ ಮಾರಿದರೆ ಆಯಿತಲ್ಲ ಅಂತ ಗೆಳೆಯರು ಹೇಳುತ್ತಾರೆ. ನಾನು ಮಾರುವುದಿಲ್ಲ. ಆ 9 ಪರ್ಸೆಂಟಿನ ದಿನ ಇನ್ನೊಮ್ಮೆ 15 ಆಗಿ ಬಂದರೆ ನಷ್ಟ ಇಷ್ಟಕ್ಕೇ ನಿಲ್ಲಲಿ ಅಂತ ಹಾಕಿಟ್ಟ ಸ್ಟಾಪ್‌ಲಾಸ್ ಬೆಳಿಗ್ಗೆ 9:15ಕ್ಕೆ ಯಾವ ಕೆಲಸಕ್ಕೂ ಬರುವುದಿಲ್ಲ, ಬೆಲೆ ಅದನ್ನು ದಾಟಿಯೇ ತೆರೆದಿರುತ್ತದೆ. ವಾರ ಮೊದಲೇ ಕೊಂಡು, ಐವಿ ಏರಿದ ಮೇಲೆ ಫಲಿತಾಂಶದ ದಿನ ಮಧ್ಯಾಹ್ನ ಮಾರಿಬಿಡುವುದನ್ನೂ ಮೂರು ಸಲ ಮಾಡಿ ನೋಡಿದೆ. ಐವಿ ಏರಿದ್ದು ನಿಜ. ಆದರೆ ದಿನ ಕಳೆದಂತೆ ಆಪ್ಷನ್‌ನ ಬೆಲೆ ಕರಗುವುದೂ ಅಷ್ಟೇ ನಿಜ, ಒಂದಕ್ಕೊಂದು ಸರಿಹೋಯಿತು. ನಡುವೆ ಷೇರು ಅಲುಗಾಡಿದ ಒಂದು ಸಲ ಮಾತ್ರ ಸ್ವಲ್ಪ ಉಳಿಯಿತು.

ಈ ಅಕ್ಟೋಬರದಲ್ಲಿ ಅದೇ ಷೇರಿಗೆ ಮತ್ತೆ ಲೆಕ್ಕ ಹಾಕಿದೆ. 7 ಬಂತು, ಕೊಳ್ಳಲಿಲ್ಲ. ಇನ್ನೊಂದು ಷೇರಿನಲ್ಲಿ ಲೆಕ್ಕ 4 ಹೇಳುತ್ತಿತ್ತು, ಹಿಂದಿನ ಸರಾಸರಿ ಐದೂವರೆ ಇತ್ತು. ಅದರಲ್ಲಿ ಒಂದು ಲಾಟ್ ಕೊಂಡೆ. ಮರುದಿನ ಷೇರು 6 ಪರ್ಸೆಂಟ್ ಬಿತ್ತು. ಐವಿ ಅಲ್ಲೂ ಕುಸಿಯಿತು, ಆದರೆ ಈ ಸಲ ಪುಟ್ ಅದನ್ನು ತುಂಬಿಕೊಟ್ಟು ಸ್ವಲ್ಪ ಮಿಗಿಸಿತು.