ಮೂಡಣ ಗಾಳಿಯ ಎದುರು ಕಾರ್ತಿಕದ ದೀಪ

ನಮ್ಮ ಚಿಕ್ಕಬಳ್ಳಾಪುರದ ಕಡೆ ದೀಪಾವಳಿ ಅಮಾವಾಸ್ಯೆ ಕಳೆದು ಕಾರ್ತಿಕ ಹುಟ್ಟುವ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿರುತ್ತದೆ. ಮುಂಗಾರಿನ ಉದ್ದಕ್ಕೂ ಪಡುವಣದಿಂದ ಬೀಸುತ್ತಿದ್ದದ್ದು ಈಗ ಮೂಡಣದಿಂದ, ಈಶಾನ್ಯದಿಂದ ಬರತೊಡಗುತ್ತದೆ. ನಮ್ಮಲ್ಲಿ ಹೆಚ್ಚಿನವರ ಮನೆಯ ತಲೆಬಾಗಿಲು ಮೂಡಣಕ್ಕೆ, ತುಳಸಿಕಟ್ಟೆಯ ದೀಪದ ಗೂಡೂ ಮೂಡಣಕ್ಕೆ. ಹಾಗಾಗಿ ಕಾರ್ತಿಕದ ಗಾಳಿ ನೇರವಾಗಿ ದೀಪದ ಮುಖಕ್ಕೇ ಬಡಿಯುತ್ತದೆ. ಹಚ್ಚಿದ್ದೇ ಹಚ್ಚಿದ್ದು, ಆರಿದ್ದೇ ಆರಿದ್ದು ಎಂದು ಹೆಣ್ಣುಮಕ್ಕಳು ಬೇಸರಪಡುವುದನ್ನು ಪ್ರತಿವರ್ಷ ಕೇಳುತ್ತೇನೆ. ಎಣ್ಣೆ ಬದಲಿಸಿದರೆ ಆ ಬೇಸರ ಹೋಗುವುದಿಲ್ಲ, ಹಣತೆ ಇಡುವ ಜಾಗವನ್ನೇ ಬದಲಿಸಬೇಕು.

ಜಾಗ ಗೊತ್ತುಮಾಡುವುದಕ್ಕೆ ಒಂದು ಊದುಬತ್ತಿ ಸಾಕು. ದೀಪವಿಡುವ ಹಿಂದಿನ ದಿನ, ದೀಪ ಹಚ್ಚುವ ಹೊತ್ತಿಗೇ ತಾರಸಿಗೆ ಹೋಗಿ. ನವೆಂಬರಿನಲ್ಲಿ ನಮ್ಮಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಮುಳುಗಿದ ಮೇಲೆ ಗಾಳಿ ಸಾಮಾನ್ಯವಾಗಿ ಒಂದಿಷ್ಟು ತಗ್ಗುತ್ತದೆ, ಆದ್ದರಿಂದ ಮಧ್ಯಾಹ್ನ ನೋಡಿದರೆ ಲೆಕ್ಕ ತಪ್ಪುತ್ತದೆ. ಹಚ್ಚಿದ ಊದುಬತ್ತಿಯನ್ನು ಮೋಟುಗೋಡೆಯ ನೆತ್ತಿಗೆ ನಾಲ್ಕು ಬೆರಳು ಮೇಲೆ ಹಿಡಿದು ನಿಧಾನವಾಗಿ ಸುತ್ತು ಬನ್ನಿ. ಹೊಗೆ ನೆಟ್ಟಗೆ ಏರಿದ ಕಡೆ ಬರಿ ಹಣತೆ ನಿಲ್ಲುತ್ತದೆ. ಒಂದೇ ಕಡೆಗೆ ಮಲಗಿಕೊಂಡು ಹೋದ ಕಡೆ, ಗಾಳಿ ಬರುವ ದಿಕ್ಕಿಗೆ ಒಂದು ಮರೆ ಕೊಟ್ಟರೆ ನಿಲ್ಲುತ್ತದೆ. ಹೊಗೆ ಗಿರಗಿರನೆ ಸುತ್ತಿ ಒಮ್ಮೆ ಒಳಗೆ, ಒಮ್ಮೆ ಹೊರಗೆ ಎಳೆದಾಡಿದ ಕಡೆ ಯಾವ ಮರೆಯೂ ನಡೆಯುವುದಿಲ್ಲ, ಆ ಜಾಗವನ್ನು ಬಿಟ್ಟುಬಿಡಿ. ಮೂಲೆಗಳು ಬಹುಮಟ್ಟಿಗೆ ಹೀಗೆಯೇ ಇರುತ್ತವೆ, ಈಶಾನ್ಯದ ಮೂಲೆಯಂತೂ ಕಾರ್ತಿಕದಲ್ಲಿ ದೀಪಕ್ಕೆ ಹೇಳಿದ್ದಲ್ಲ.

ಮನೆಯ ಗೋಡೆಗೆ ಬಡಿದ ಗಾಳಿ ಮುಂದೆ ಹೋಗಲಾರದೆ ಮೇಲಕ್ಕೆ ಏರುತ್ತದೆ, ಏರಿ ಮೋಟುಗೋಡೆಯ ಅಂಚನ್ನು ದಾಟುವಾಗ ಅದರ ಜೋರು ಹೆಚ್ಚು. ಆದ್ದರಿಂದ ಬೀದಿಗೆ ಚೆಂದ ಕಾಣಲಿ ಎಂದು ನಾವು ಸಾಲುಗಟ್ಟಿ ಇಡುವ ಮೂಡಣ ಗೋಡೆಯ ನೆತ್ತಿಯೇ ಇಡೀ ತಾರಸಿಯಲ್ಲಿ ಕೆಟ್ಟ ಜಾಗ. ಅದೇ ಗೋಡೆಯ ಒಳಗಡೆ, ಬುಡದಲ್ಲಿ, ಹಣತೆಗಳು ಹಾಯಾಗಿ ಉರಿಯುತ್ತವೆ. ಆದರೆ ಗೋಡೆಯಲ್ಲಿ ಜಾಲಿ ತೂತುಗಳಿದ್ದರೆ ಬುಡವೂ ಕಷ್ಟವೇ, ತೂತಿನ ಮೂಲಕ ಗಾಳಿ ಕೊಳವೆಯಲ್ಲಿ ಊದಿದಂತೆ ನುಗ್ಗುತ್ತದೆ. ತೂತಿನ ನೇರಕ್ಕೆ ಇಡದೆ ಎರಡು ತೂತುಗಳ ನಡುವಿನ ಗಟ್ಟಿ ಭಾಗದ ಹಿಂದೆ ಇಡಿ.

ನನ್ನ ತಂಗಿಯ ಮಗನ ಹೊಸ ಮನೆಯಲ್ಲಿ ನಾವು ಮಾಡಿದ ಏರ್ಪಾಡನ್ನು ಹೇಳುತ್ತೇನೆ, ನಿಮ್ಮ ಮನೆಗೆ ಹೊಂದಿಸಿಕೊಳ್ಳಲು ಸುಲಭವಾಗುತ್ತದೆ. ಮೂವತ್ತು ನಲವತ್ತರ ನಿವೇಶನ, ಮೂಡಣಕ್ಕೆ ರಸ್ತೆ, ಬಡಗಣಕ್ಕೆ ಖಾಲಿ ನಿವೇಶನ, ತೆಂಕಣಕ್ಕೆ ಜನ ಓಡಾಡುವ ಸಣ್ಣ ಸಂದಿ. ಮೋಟುಗೋಡೆ ಮೂರಡಿ ಎತ್ತರ, ಆರು ಇಂಚು ಅಗಲ. ನಾಲ್ಕು ಇಂಚಿನ ಗೋಡೆಯಾಗಿದ್ದರೆ ಅದರ ಮೇಲೆ ಏನನ್ನೂ ಇಡಬೇಡಿ ಎಂದು ಹೇಳುತ್ತಿದ್ದೆ. ಮೇಲಿಂದ ಉರಿಯುವ ಹಣತೆ ಯಾರ ತಲೆಯ ಮೇಲಾದರೂ ಬಿದ್ದರೆ ಹಬ್ಬ ಹಬ್ಬವಾಗಿ ಉಳಿಯುವುದಿಲ್ಲ.

ರಸ್ತೆಯ ಕಡೆ ಇಟ್ಟಿಗೆಯ ಮರೆ ಉಪಯೋಗಕ್ಕೆ ಬರುವುದಿಲ್ಲ. ಗಾಳಿ ರಸ್ತೆಯಿಂದಲೇ ಬರುವುದರಿಂದ ಇಟ್ಟಿಗೆಯನ್ನು ಆ ಮುಖಕ್ಕೇ ಇಡಬೇಕು, ಆಗ ದೀಪ ರಸ್ತೆಗೆ ಕಾಣುವುದಿಲ್ಲ. ಅಲ್ಲಿಗೆ ಲಾಟೀನಿನ ಗಾಜೇ ಸರಿ. ಇಪ್ಪತ್ತಾರು ಅಡಿ ಉದ್ದದ ಆ ಗೋಡೆಗೆ ಏಳೇ ದೀಪ ಇಟ್ಟೆವು. ಎರಡು ಮೂಲೆಗಳಲ್ಲೂ ಒಂದೊಂದು ಮಾರು ಬಿಟ್ಟು, ಉಳಿದ ಜಾಗದಲ್ಲಿ ಸಮನಾಗಿ ಹಂಚಿದೆವು. ಒಂದು ಹಿಡಿ ಹಸಿ ಜೇಡಿಮಣ್ಣನ್ನು ಗೋಡೆಯ ನೆತ್ತಿಗೆ ಬಡಿದು, ಅದರ ಮೇಲೆ ಹೂಕುಂಡದ ಅಡಿಗೆ ಇಡುವ ಮಣ್ಣಿನ ತಟ್ಟೆಯನ್ನು ಒತ್ತಿ ಕೂರಿಸಿ, ತಟ್ಟೆಗೆ ಎರಡು ಬೆರಳು ದಪ್ಪ ಒದ್ದೆ ಮರಳು ತುಂಬಬೇಕು. ನಡುವೆ ಚಿಕ್ಕ ಹಣತೆ, ಅದರ ಸುತ್ತ ಗಾಜನ್ನು ಮರಳಿಗೆ ಒತ್ತಿ ನಿಲ್ಲಿಸುವುದು. ಇಷ್ಟಕ್ಕೇ ಬಿಟ್ಟರೆ ದೀಪಕ್ಕೆ ಉಸಿರು ಕಟ್ಟುತ್ತದೆ. ಗಾಜಿನ ಬುಡದಲ್ಲಿ, ಗಾಳಿ ಬರುವ ದಿಕ್ಕಿಗೆ ಬೆನ್ನಾಗಿ, ಅಂದರೆ ತಾರಸಿಯ ಒಳಮುಖಕ್ಕೆ, ಮರಳಿನಲ್ಲಿ ಒಂದು ಬೆರಳಿನಷ್ಟು ಕಾಲುವೆ ತೋಡಬೇಕು. ಜ್ವಾಲೆ ಕುಗ್ಗಿ ಗಾಜಿನ ಒಳಮೈ ಕಪ್ಪಾಗತೊಡಗಿದರೆ ಕಾಲುವೆ ಸಾಲದು ಎಂದು ತಿಳಿಯಿರಿ. ಅರ್ಧ ಗಂಟೆ ಮುಂಚೆಯೇ ಕೂರಿಸಿ, ಹಚ್ಚುವ ಮೊದಲು ಪ್ರತಿಯೊಂದು ತಟ್ಟೆಯನ್ನೂ ಕೈಯಿಂದ ಅಲುಗಿಸಿ ನೋಡಿ, ಅಲುಗಿದ್ದನ್ನು ಕೆಳಗಿಳಿಸಿ. ಹಿಂಗಾರಿನ ತುಂತುರು ಶುರುವಾದರೆ ಕಾದ ಗಾಜಿನ ಮೇಲೆ ಹನಿ ಬಿದ್ದು ಅದು ಸೀಳುತ್ತದೆ, ಮೋಡ ಕವಿದ ಸಂಜೆ ಗಾಜನ್ನು ಹೊರಗೆ ತೆಗೆಯದಿರುವುದೇ ಲೇಸು.

ಬಡಗಣ ಗೋಡೆ ಬೇರೆಯೇ ತರಹ. ಗಾಳಿ ಗೋಡೆಯ ಉದ್ದಕ್ಕೆ ಹರಿಯುತ್ತದೆ, ಸ್ವಲ್ಪ ಓರೆಯಾಗಿ. ಇಲ್ಲಿ ಪ್ರತಿ ಹಣತೆಯ ಮೂಡಣ ಮಗ್ಗುಲಿಗೆ ಒಂದು ಅರ್ಧ ಇಟ್ಟಿಗೆ, ಬಡಗಣ ಮಗ್ಗುಲಿಗೆ ಒಂದು ಹೆಂಚಿನ ಚೂರು, ಎರಡನ್ನೂ ಜೇಡಿಮಣ್ಣಿನಲ್ಲೇ ನಿಲ್ಲಿಸಿದೆವು. ಇಡೀ ಇಟ್ಟಿಗೆ ಒಂಬತ್ತು ಇಂಚು ಉದ್ದ, ಆರು ಇಂಚಿನ ಗೋಡೆಯಿಂದ ಆಚೆ ಚಾಚುತ್ತದೆ, ಅದಕ್ಕೇ ಅರ್ಧ. ಕೆಳಗೆ ಖಾಲಿ ನಿವೇಶನವಾದ್ದರಿಂದ ಅಷ್ಟು ಧೈರ್ಯ ಮಾಡಿದೆವು. ಮರೆ ಜ್ವಾಲೆಯ ತುದಿಗಿಂತ ಒಂದು ಬೆರಳಾದರೂ ಎತ್ತರವಿರಲಿ, ಹಣತೆಗೂ ಇಟ್ಟಿಗೆಗೂ ನಡುವೆ ಎರಡು ಬೆರಳು ಬಿಡುವಿರಲಿ. ತೀರ ಹತ್ತಿರ ಒತ್ತಿ ಇಟ್ಟರೆ ಇಟ್ಟಿಗೆಯ ಹಿಂದೆ ಸುಳಿ ಎದ್ದು ಜ್ವಾಲೆ ಹಿಂದಕ್ಕೆ, ಇಟ್ಟಿಗೆಯ ಕಡೆಗೇ ಬಾಗುತ್ತದೆ, ಇಟ್ಟಿಗೆ ಮಸಿಯಾಗುತ್ತದೆ. ಜ್ವಾಲೆ ಇಟ್ಟಿಗೆಯಿಂದ ದೂರಕ್ಕೆ ಬಾಗಿದರೆ ಮರೆಯ ಎತ್ತರ ಸಾಲದು. ಹೀಗೆ ದೀಪವೇ ತನಗೇನು ಬೇಕೆಂದು ಹೇಳುತ್ತದೆ, ಮೊದಲ ಎರಡು ಹಚ್ಚಿ ನೋಡಿದ ಮೇಲೆ ಉಳಿದವನ್ನು ಸರಿಪಡಿಸಿಕೊಳ್ಳಬಹುದು. ಮೊಳಕ್ಕೊಂದರಂತೆ ಇಪ್ಪತ್ತು ಹಣತೆ ಹಿಡಿಸಿದವು. ರಸ್ತೆಯ ತಿರುವಿನಿಂದ ಬರುವವರಿಗೆ ಈ ಸಾಲು ಪೂರ್ತಿ ಕಾಣುತ್ತದೆ.

ತೆಂಕಣದ ಸಂದಿಯ ಮೇಲಿನ ಗೋಡೆಗೆ ಏನನ್ನೂ ಇಡಲಿಲ್ಲ. ಅದರ ಬುಡದಲ್ಲಿ, ತಾರಸಿಯ ನೆಲದ ಮೇಲೆ ಒಂಬತ್ತು ಹಣತೆ, ಪ್ರತಿಯೊಂದಕ್ಕೂ ಮೂಡಣಕ್ಕೆ ಒಂದು ಇಟ್ಟಿಗೆ. ಪಡುವಣದಲ್ಲಿ ನೀರಿನ ಟ್ಯಾಂಕು, ಪ್ಲಾಸ್ಟಿಕ್ ಕೊಳವೆಗಳು ಇದ್ದವು, ಅಲ್ಲಿ ದೀಪ ಬೇಡವೇ ಬೇಡ. ಬಟ್ಟೆ ಒಣಹಾಕುವ ಹಗ್ಗವನ್ನೂ ಅಂದು ಬಿಚ್ಚಿಡಬೇಕು.

ಹಣತೆಗಳನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಬಿಸಿಲಿಗಿಟ್ಟು ಒರೆಸಿಕೊಳ್ಳಿ, ಹೊಸ ಮಣ್ಣು ಎಣ್ಣೆ ಕುಡಿಯುವುದು ಕಡಿಮೆಯಾಗುತ್ತದೆ. ಕೊಬ್ಬರಿ ಎಣ್ಣೆ ತಾರಸಿಗೆ ತರಬೇಡಿ, ನಮ್ಮೂರಿನ ಕಾರ್ತಿಕದ ಚಳಿಗೆ ಅದು ಹಣತೆಯಲ್ಲೇ ಹೆಪ್ಪುಗಟ್ಟುತ್ತದೆ. ಬರಿ ಹರಳೆಣ್ಣೆಯೂ ಬೇಡ, ತೀರ ಮಂದ, ಬತ್ತಿಗೆ ಏರುವುದೇ ಇಲ್ಲ. ಮೂರು ಪಾಲು ಹೊಂಗೆ ಎಣ್ಣೆಗೆ ಒಂದು ಪಾಲು ಹರಳೆಣ್ಣೆ ಬೆರೆಸಿ. ಹೊಂಗೆ ಎಣ್ಣೆಗೆ ವಾಸನೆ ಇದೆ, ಹೊಗೆಯೂ ತುಸು ಹೆಚ್ಚು, ಆದರೆ ಬಯಲಿನಲ್ಲಿ ಅದರಿಂದ ತೊಂದರೆ ಇಲ್ಲ. ತುಳಸಿಯ ಮುಂದೆ ಮಾತ್ರ ಎಳ್ಳೆಣ್ಣೆ ಅಥವಾ ತುಪ್ಪ. ಹಣತೆಗೆ ಎರಡು ಚಮಚದಂತೆ ಈ ಮೂವತ್ತಾರಕ್ಕೆ ಅರ್ಧ ಲೀಟರು ಎಣ್ಣೆಯಲ್ಲಿ ಮಿಕ್ಕಿತು. ಬತ್ತಿ ಎರಡೆಳೆ ಸೇರಿಸಿ ಬಿಗಿಯಾಗಿ ಹೊಸೆದದ್ದಿರಲಿ. ಒಂಟಿ ಎಳೆಯ ಸಣ್ಣ ಜ್ವಾಲೆ ಒಂದೇ ಬೀಸಿಗೆ ಹಾರುತ್ತದೆ. ಹಣತೆಯ ಮೂಗಿನಿಂದ ಆಚೆಗೆ ಒಂದು ಉಗುರಿನಷ್ಟೇ ಚಾಚಿರಲಿ, ಹೆಚ್ಚಾದರೆ ಹೊಗೆ ಕಾರಿ ಗಾಳಿಗೆ ಓಲಾಡುತ್ತದೆ. ತುದಿಗೆ ಚಿಟಿಕೆ ಕರ್ಪೂರದ ಪುಡಿ ಒತ್ತಿದರೆ ಗಾಳಿಯಲ್ಲೂ ಬೇಗ ಹತ್ತಿಕೊಳ್ಳುತ್ತದೆ.

ಹಚ್ಚುವಾಗ ಗಾಳಿ ಬರುವ ತುದಿಯಿಂದ ಶುರುಮಾಡಿ ಪಡುವಣದ ಕಡೆಗೆ ಸಾಗಬೇಕು. ಸೆರಗು, ದುಪ್ಪಟ್ಟ ಹಾರುವುದು ಗಾಳಿ ಹೋಗುವ ಕಡೆಗೆ. ಈ ಕ್ರಮದಲ್ಲಿ ಅವು ಇನ್ನೂ ಹಚ್ಚದ ಹಣತೆಗಳ ಮೇಲೆ ಹಾರುತ್ತವೆ. ತಿರುಗುಮುರುಗು ಹೋದರೆ ಉರಿಯುವ ಸಾಲಿನ ಮೇಲೆಯೇ ಬೀಳುತ್ತವೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೂ ಇದೇ ಕ್ರಮವಿರಲಿ. ಚಿಕ್ಕ ಮಕ್ಕಳ ಕೈಗೆ ಎಣ್ಣೆಯ ಚೊಂಬು ಕೊಡಿ, ಬೆಂಕಿ ಬೇಡ.

ಇನ್ನು ತುಳಸಿಕಟ್ಟೆ. ಮೂಡಣಕ್ಕೆ ಬಾಯಿ ತೆರೆದ ಗೂಡಿನೊಳಕ್ಕೆ ನುಗ್ಗಿದ ಗಾಳಿಗೆ ಹೋಗಲು ದಾರಿಯಿಲ್ಲ, ಒಳಗೇ ತಿರುಗಿ ದೀಪವನ್ನು ಆರಿಸುತ್ತದೆ. ಗೂಡಿನ ಬಾಯಿಯಿಂದ ಎರಡು ಬೆರಳು ಒಳಗೆ ಒಂದು ಚಪ್ಪಟೆ ಕಲ್ಲನ್ನೋ ಹೆಂಚಿನ ಚೂರನ್ನೋ ನಿಲ್ಲಿಸಿ, ಗೂಡಿನ ಎತ್ತರದ ಮೂರರಲ್ಲಿ ಎರಡು ಪಾಲು ಮುಚ್ಚುವಂತೆ. ಹಣತೆ ಅದರ ಹಿಂದೆ. ಮೇಲಿನ ಬಿಡುವಿನಿಂದ ಬಿಸಿ ಹೊರಗೆ ಹೋಗುತ್ತದೆ, ಬೆಳಕೂ ಕಾಣುತ್ತದೆ. ಮಿಕ್ಕ ಹಣತೆಗಳನ್ನು ಕಟ್ಟೆಯ ಪಡುವಣ ಮಗ್ಗುಲಲ್ಲಿ, ಕಟ್ಟೆಯ ಮರೆಗೇ, ನೆಲದ ಮೇಲೆ ಅರ್ಧ ಸುತ್ತಾಗಿ ಇಡಿ, ಕಟ್ಟೆಯ ಎರಡು ಅಂಚುಗಳ ನೇರಕ್ಕೆ ಬೇಡ. ತುಳಸಿಯ ಬುಡದ ಮಣ್ಣಿನ ಮೇಲೆ ಹಣತೆ ಇಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಕೆಳಗಿನ ಎಲೆಗಳು ಕಮರುತ್ತವೆ, ಚೆಲ್ಲಿದ ಎಣ್ಣೆಯಿಂದ ಮಣ್ಣಿಗೆ ನೀರು ಇಂಗುವುದಿಲ್ಲ. ಹಬ್ಬ ಮುಗಿದ ಮೇಲೆ ಗಿಡ ಸೊರಗಿತು ಎಂದು ಹಲವರು ಚಳಿಯನ್ನು ದೂರುತ್ತಾರೆ, ಬುಡ ಕೆದಕಿ ನೋಡಿದರೆ ಎಣ್ಣೆಯ ಜಿಡ್ಡು ಇರುತ್ತದೆ.

ಉತ್ಥಾನ ದ್ವಾದಶಿಯ ತುಳಸಿ ಹಬ್ಬದಂದು ನೆಲ್ಲಿಯ ಕೊಂಬೆ, ಕಬ್ಬಿನ ಜಲ್ಲೆಗಳನ್ನು ನಿಲ್ಲಿಸುತ್ತೇವಲ್ಲ, ಅಂದು ಇನ್ನೂ ಒಂದು ಎಚ್ಚರ ಬೇಕು. ಕಬ್ಬಿನ ಒಣಗರಿ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಒಣಗರಿಯನ್ನು ಪೂರ್ತಿ ಸುಲಿದು, ಹಸಿರು ಗರಿಯನ್ನು ಮೇಲೆ ಎತ್ತಿ ಕಟ್ಟಿ. ಗಾಳಿಗೆ ಗರಿ ಎಲ್ಲಿಯವರೆಗೆ ಬಾಗುತ್ತದೆ ಎಂದು ಕೈಯಿಂದ ಬಾಗಿಸಿ ನೋಡಿ, ಅದರಾಚೆಗೆ ಒಂದು ಮೊಳ ಬಿಟ್ಟು ಹಣತೆ ಇಡಿ. ನೆಲ್ಲಿಕಾಯಿಯ ತಲೆ ಕೊರೆದು ತುಪ್ಪದ ಹೂಬತ್ತಿ ಇಟ್ಟ ದೀಪಗಳು ಬಯಲಿನ ಗಾಳಿಗೆ ತಾಳುವುದಿಲ್ಲ. ತಟ್ಟೆಯಲ್ಲಿಟ್ಟು ಆರತಿ ಬೆಳಗಿ, ಗೂಡಿನೊಳಗೆ ಕಲ್ಲಿನ ಹಿಂದೆ ಇಟ್ಟುಬಿಡಿ.

ದೀಪಗಳು ಉರಿಯುವಷ್ಟು ಹೊತ್ತು ಒಬ್ಬರು ತಾರಸಿಯಲ್ಲಿ ಇರಲೇಬೇಕು, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ಉರಿಯುವ ಎಣ್ಣೆಗೆ ನೀರು ಎರಚಬಾರದು, ಎಣ್ಣೆ ಸಿಡಿದು ಬೆಂಕಿ ಹರಡುತ್ತದೆ. ಮಲಗುವ ಮುಂಚೆ ಉಳಿದ ಜ್ವಾಲೆಗಳನ್ನು ಹೂವಿನಿಂದ ಶಾಂತ ಮಾಡಿ, ಗಾಜುಗಳು ತಣ್ಣಗಾದ ಮೇಲೆ ಒಳಗೆ ತನ್ನಿ. ಗೋಡೆಯ ಮೇಲೆ ಚೆಲ್ಲಿದ ಎಣ್ಣೆಗೆ ಆಗಲೇ ಒಲೆಯ ಬೂದಿಯನ್ನೋ ರಂಗೋಲಿ ಪುಡಿಯನ್ನೋ ಉದುರಿಸಿಟ್ಟರೆ ರಾತ್ರಿ ಕಳೆಯುವುದರೊಳಗೆ ಹೀರಿಕೊಂಡಿರುತ್ತದೆ, ಬೆಳಿಗ್ಗೆ ಗುಡಿಸಿ ಸೀಗೆಪುಡಿ ಹಾಕಿ ಉಜ್ಜಬಹುದು. ಜೇಡಿಮಣ್ಣಿನ ಉಂಡೆಗಳನ್ನು ಕೀಳಬೇಡಿ, ತುಸು ನೀರು ಚಿಮುಕಿಸಿದರೆ ಮುಂದಿನ ಸೋಮವಾರಕ್ಕೂ ಅವೇ ಆಗುತ್ತವೆ.